ಬೀಗದ ಮಾತು, ಪರದೆಯ ಅಳತೆ

ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ತರಬೇತಿ ಕೊಠಡಿಯಲ್ಲಿ, ಹೈಡ್ರಾಲಿಕ್ ಪ್ರೆಸ್ಸುಗಳ ಮೇಲೆ ದುಡಿಯುವ ಇಪ್ಪತ್ತು ಮಂದಿ ಫಿಟ್ಟರುಗಳೂ ಆಪರೇಟರುಗಳೂ ಬೆಳಗಿನ ಶಿಫ್ಟು ಮುಗಿಸಿ ಬಂದು ಕುಳಿತಿದ್ದಾಗ, ನಾನು ಬಹು ಶ್ರದ್ಧೆಯಿಂದ ಕನ್ನಡಿಸಿದ್ದ ಸ್ಲೈಡೊಂದು ಪರದೆಯ ಮೇಲೆ ಮೂಡಿದ ಆ ಗಳಿಗೆಯನ್ನು ನಾನು ಇಂದಿಗೂ ಮರೆತಿಲ್ಲ. ಅದರ ಮೊದಲನೆಯ ವಾಕ್ಯ ಇದು: "ನಿರ್ವಹಣಾ ಕಾರ್ಯವನ್ನು ಪ್ರಾರಂಭಿಸುವ ಮೊದಲು ಎಲ್ಲಾ ಶಕ್ತಿಯ ಮೂಲಗಳನ್ನು ಪ್ರತ್ಯೇಕಿಸಲಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ." ವ್ಯಾಕರಣದಲ್ಲಿ ಲೋಪವಿಲ್ಲ, ಇಂಗ್ಲಿಷಿನ ಒಂದು ಪದವೂ ಬಿಟ್ಟುಹೋಗಿಲ್ಲ, ನಿಘಂಟನ್ನು ತೆರೆದು ನೋಡಿದರೆ ಪ್ರತಿಯೊಂದು ಶಬ್ದಕ್ಕೂ ಸಮರ್ಥನೆ ಉಂಟು. ಆದರೂ ಹಿಂದಿನ ಸಾಲಿನಲ್ಲಿದ್ದ ಹಿರಿಯ ಫಿಟ್ಟರೊಬ್ಬರು ಕೈಯೆತ್ತಿ, "ಸಾರ್, ಪ್ರತ್ಯೇಕಿಸೋದು ಅಂದ್ರೆ ಏನು? ಯಾವುದರಿಂದ ಯಾವುದನ್ನ ಬೇರೆ ಮಾಡ್ಬೇಕು?" ಎಂದು ಕೇಳಿದರು. ತರಬೇತಿ ಕೊಡುತ್ತಿದ್ದ ಇಂಜಿನಿಯರು, "ಮೇನ್ ಆಫ್ ಮಾಡಿ ಬೀಗ ಹಾಕೋದು ಅಂತ ಅಣ್ಣ," ಎಂದರು. "ಅದನ್ನೇ ಹಾಗೇ ಬರೆದಿದ್ರೆ ಆಗ್ತಿತ್ತಲ್ಲ ಸಾರ್," ಎಂದರು ಅವರು. ಆ ಮಾತಿನಲ್ಲಿ ಆಕ್ಷೇಪಣೆಯ ಧ್ವನಿಯಿರಲಿಲ್ಲ. ಕೆಲಸ ಬಲ್ಲವರ ಸಹಜವಾದ ಆಶ್ಚರ್ಯವಿತ್ತು.

ಆ ಸ್ಲೈಡು ಸೇರಿದ್ದುದು ಲಾಕ್‌ಔಟ್-ಟ್ಯಾಗ್‌ಔಟ್ ಎಂಬ ಸುರಕ್ಷಾ ಕ್ರಮವನ್ನು ಕಲಿಸುವ ನಲವತ್ತು ಪುಟಗಳ ತರಬೇತಿ ಮಾಲೆಗೆ. ಯಂತ್ರವನ್ನು ರಿಪೇರಿ ಮಾಡುವಾಗ ಅದು ತಾನಾಗಿಯೋ ಮತ್ತೊಬ್ಬರ ಅಜಾಗ್ರತೆಯಿಂದಲೋ ಹಠಾತ್ತನೆ ಚಲಿಸಬಾರದೆಂಬ ಉದ್ದೇಶದಿಂದ, ಅದಕ್ಕೆ ಬಲವೂಡುವ ಪ್ರತಿಯೊಂದು ದಾರಿಯನ್ನೂ ಮುಚ್ಚಿ, ಮುಚ್ಚಿದ ಸ್ಥಳಕ್ಕೆ ಸ್ವಂತ ಬೀಗವನ್ನು ಹಾಕಿ, ಹಾಕಿದವರ ಹೆಸರುಳ್ಳ ಟ್ಯಾಗನ್ನು ಕಟ್ಟಿ, ಬೀಗದ ಕೈಯನ್ನು ತಮ್ಮ ಜೇಬಿನಲ್ಲಿಯೇ ಇರಿಸಿಕೊಂಡು ಕೆಲಸಕ್ಕೆ ಇಳಿಯುವುದೇ ಈ ಕ್ರಮ. ಅಮೆರಿಕದ ವೃತ್ತಿ ಸುರಕ್ಷಾ ಆಡಳಿತವು 1989ರಲ್ಲಿ ಇದಕ್ಕೊಂದು ವಿಧ್ಯುಕ್ತ ನಿಯಮವನ್ನು ಹೊರಡಿಸಿತು. ನಮ್ಮ ಕಾರ್ಖಾನೆಗಳಲ್ಲಿ ಈಗ ತೋರಿಸಲ್ಪಡುವ ಅನೇಕ ಸ್ಲೈಡುಗಳ ಇಂಗ್ಲಿಷು ಆ ನಿಯಮದ ಭಾಷೆಯಿಂದಲೇ ಇಳಿದುಬಂದದ್ದು. ಆದುದರಿಂದ ಅನುವಾದಕನ ಕೈಗೆ ಬರುವುದು ಕೆಲಸಗಾರರು ಕೆಲಸಗಾರರಿಗೆ ಆಡಿದ ಮಾತಲ್ಲ, ವಕೀಲರು ತೂಗಿ ಬರೆದ ಮಾತು, ಎಂಬುದನ್ನು ಮೊದಲೇ ತಿಳಿದಿರಬೇಕು. ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯಾದರೋ ತನ್ನ 108ನೆಯ ಕಲಮಿನಲ್ಲಿ, ಕಾರ್ಖಾನೆಯಲ್ಲಿ ತೂಗುಹಾಕತಕ್ಕ ಸೂಚನೆಗಳು ಇಂಗ್ಲಿಷಿನಲ್ಲಿಯೂ, ಅಲ್ಲಿಯ ಬಹುಮಂದಿ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರತಕ್ಕದ್ದೆಂದು ವಿಧಿಸಿತ್ತು. ಅಲ್ಲಿ ಹೇಳಿದ್ದು ಪ್ರಾಂತಭಾಷೆ ಎಂದಲ್ಲ, 'ತಿಳಿಯುವ' ಭಾಷೆ ಎಂದು. ಅಕ್ಷರಗಳು ಕನ್ನಡದವಾಗಿದ್ದ ಮಾತ್ರಕ್ಕೆ ಆ ಷರತ್ತು ನೆರವೇರಿತೆನ್ನುವಂತಿಲ್ಲ.

ಅಂದು ಸಂಜೆ ಕುಳಿತು ಆ ವಾಕ್ಯವನ್ನು ಪುನಃ ಬರೆದೆ: "ರಿಪೇರಿಗೆ ಮುಂಚೆ ಮೇನ್ ಆಫ್ ಮಾಡಿ, ಬೀಗ ಹಾಕಿ." ಚಿಕ್ಕದಾಯಿತು, ಮಾತಿನಂತಾಯಿತು; ನನಗೆ ಸಮಾಧಾನವೂ ಆಯಿತು. ಮರುದಿನ ಅದನ್ನು ಅದೇ ಹಿರಿಯರಿಗೆ ತೋರಿಸಿದಾಗ ಅವರು ತಲೆಯಾಡಿಸಲಿಲ್ಲ. ನನ್ನನ್ನು ಪ್ರೆಸ್ಸಿನ ಬಳಿಗೆ ಕರೆದುಕೊಂಡು ಹೋಗಿ, ಅದರ ಪಕ್ಕದಲ್ಲಿದ್ದ ಉಕ್ಕಿನ ಸಿಲಿಂಡರೊಂದನ್ನು ತಟ್ಟಿ, "ಮೇನ್ ಆಫ್ ಮಾಡಿದ್ರೂ ಇದರೊಳಗೆ ಪ್ರೆಷರ್ ಇರತ್ತೆ ಸಾರ್. ಮೇಲೆ ರ‍್ಯಾಮ್ ನಿಂತಿದೆಯಲ್ಲ, ಅದು ಇಳಿದ್ರೆ ಕೈ ಹೋಗತ್ತೆ," ಎಂದರು. ಅದು ಅಕ್ಯುಮ್ಯುಲೇಟರು, ಪಂಪು ನಿಂತ ಮೇಲೆಯೂ ಎಣ್ಣೆಯ ಒತ್ತಡವನ್ನು ಹಿಡಿದಿಟ್ಟುಕೊಳ್ಳುವ ಭಾಗ. ಮೂಲದ ಇಂಗ್ಲಿಷಿನಲ್ಲಿ 'ಆಲ್ ಎನರ್ಜಿ ಸೋರ್ಸಸ್' ಎಂದಿದ್ದುದರ ಅರ್ಥಭಾರವೆಲ್ಲ ಆ 'ಎಲ್ಲ' ಎಂಬ ಪದದಲ್ಲಿಯೇ ಇತ್ತು; ನಾನು ವಾಕ್ಯವನ್ನು ಹಗುರ ಮಾಡುವ ಉತ್ಸಾಹದಲ್ಲಿ ಅದನ್ನೇ ಎಸೆದುಬಿಟ್ಟಿದ್ದೆ. ದೀರ್ಘವಾದ ಅನುವಾದ ಅರ್ಥವಾಗದೆ ಹೋದೀತು. ಸಂಕ್ಷೇಪದ ಅನುವಾದವಾದರೋ ಚೆನ್ನಾಗಿ ಅರ್ಥವಾಗಿ, ಆ ಅರ್ಥವೇ ತಪ್ಪಾಗಿ ಇರಬಹುದು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ, ಏಕೆಂದರೆ ಅದರ ಬಗ್ಗೆ ಯಾರೂ ಕೈಯೆತ್ತಿ ಪ್ರಶ್ನೆ ಕೇಳುವುದಿಲ್ಲ.

ಮೂರನೆಯ ಸಲ ಬರೆದದ್ದು ಹೀಗೆ: "ರಿಪೇರಿಗೆ ಮುಂಚೆ ಕರೆಂಟು, ಎಣ್ಣೆ, ಗಾಳಿ ಮೂರನ್ನೂ ನಿಲ್ಲಿಸಿ ಬೀಗ ಹಾಕಿ." ಮೊದಲನೆಯ ವಾಕ್ಯದಲ್ಲಿ ಹತ್ತು ಪದಗಳು, ನಲವತ್ತೈದು ಅಕ್ಷರಗಳು, ಇದರಲ್ಲಿ ಒಂಬತ್ತು ಪದಗಳು, ಇಪ್ಪತ್ತಮೂರು ಅಕ್ಷರಗಳು. ಪದಗಳ ಸಂಖ್ಯೆ ಹೆಚ್ಚುಕಡಿಮೆ ಸಮವಾಗಿದ್ದರೂ ಉದ್ದ ಅರ್ಧಕ್ಕಿಳಿದಿರುವುದನ್ನು ಗಮನಿಸಬೇಕು. ಕನ್ನಡವು ಸ್ಲೈಡಿನಲ್ಲಿ ಹಿಡಿಸುವುದಿಲ್ಲವೆಂದು ಹೇಳುವವರು ಸಾಮಾನ್ಯವಾಗಿ ದೂರುವುದು ಪದಗಳ ಸಂಖ್ಯೆಯನ್ನು. ನಿಜವಾದ ಸ್ಥಳಾಪಹಾರಿಗಳೆಂದರೆ 'ಖಚಿತಪಡಿಸಿಕೊಳ್ಳಿ', 'ಪ್ರತ್ಯೇಕಿಸಲಾಗಿದೆ', 'ಎಂಬುದನ್ನು' ಎಂಬಂಥ, ಇಂಗ್ಲಿಷಿನ ವಾಕ್ಯದ ಅಸ್ಥಿಪಂಜರವನ್ನು ಹೊತ್ತು ತರುವ ರೂಪಗಳು. 'ಎನ್ಶೂರ್ ದಟ್' ಎಂಬುದು ಇಂಗ್ಲಿಷಿನಲ್ಲಿ ಎರಡು ಪುಟ್ಟ ಪದ, ಕಣ್ಣು ಅದನ್ನು ದಾಟಿಕೊಂಡು ಹೋಗುತ್ತದೆ. ಅದನ್ನು ಯಥಾವತ್ತಾಗಿ ಕನ್ನಡಿಸಿದೊಡನೆ ಪರದೆಯ ಒಂದಿಡೀ ಸಾಲನ್ನು ಆಕ್ರಮಿಸಿ, ಕ್ರಿಯಾಪದದ ಪೀಠದ ಮೇಲೆ ತಾನೇ ಕುಳಿತುಬಿಡುತ್ತದೆ. 'ಬೀಗ ಹಾಕಿ' ಎಂದು ಅಪ್ಪಣೆಯಾದ ಮೇಲೆ, ಬೀಗ ಹಾಕಿರುವುದನ್ನು ಖಚಿತಪಡಿಸಿಕೊಳ್ಳುವುದು ಅದರಲ್ಲಿಯೇ ಅಡಕವಾಗಿದೆ. 'ಲಾಗಿದೆ' ಎಂಬ ಕರ್ಮಣಿ ರೂಪದಿಂದ ಬರುವ ಹಾನಿ ಸ್ಥಳದ್ದು ಮಾತ್ರವಲ್ಲ: ಮಾಡಿದವರು ಯಾರು ಎಂಬುದು ಅದರಲ್ಲಿ ಮರೆಯಾಗಿ, ಓದುವವನಿಗೆ 'ಯಾರೋ ಮಾಡಿರುತ್ತಾರೆ' ಎಂಬ ಭಾವನೆ ಬರುತ್ತದೆ. ಬೀಗದ ವಿಷಯದಲ್ಲಿ ಹಾಗೆ ಭಾವಿಸುವುದಕ್ಕಿಂತ ದೊಡ್ಡ ಗಂಡಾಂತರ ಬೇರಿಲ್ಲ.

ಸ್ಥಳವನ್ನು ಉಳಿಸುವುದಕ್ಕೆ ಕನ್ನಡದಲ್ಲಿಯೇ ಇರುವ ಸಹಜವಾದ ಉಪಾಯಗಳು ಕೆಲವುಂಟು. ಅವುಗಳನ್ನು ನಾವು ಮಾತನಾಡುವಾಗ ದಿನವೂ ಬಳಸುತ್ತೇವೆ, ಬರೆಯುವಾಗ ಮರೆಯುತ್ತೇವೆ. ಅಚೇತನ ವಸ್ತುವಿಗೆ ದ್ವಿತೀಯಾ ವಿಭಕ್ತಿಯನ್ನು ಹಚ್ಚದೆಯೆ ಬಿಡುವುದು ನಮ್ಮ ಭಾಷೆಯ ಹಳೆಯ ರೂಢಿ. 'ಬಾಗಿಲು ಹಾಕು', 'ದೀಪ ಹಚ್ಚು' ಎನ್ನುವೆವೇ ಹೊರತು 'ಬಾಗಿಲನ್ನು ಹಾಕು' ಎನ್ನುವುದು ವಿರಳ. ಹಾಗೆಯೇ 'ವಾಲ್ವ್ ಮುಚ್ಚಿ', 'ಐಸೊಲೇಟರ್ ಆಫ್ ಮಾಡಿ' ಎಂದರೆ ಪರದೇಶದ ಪದಕ್ಕೆ ನಮ್ಮ ಪ್ರತ್ಯಯವನ್ನು ಹೇಗೆ ಅಂಟಿಸುವುದೆಂಬ ಪಂಚಾಯಿತಿಯೇ ಅರ್ಧ ಮುಗಿಯುತ್ತದೆ. ಸಂಖ್ಯೆ ಹೇಳಿದ ಮೇಲೆ 'ಗಳು' ಬೇಕಾಗಿಲ್ಲ. 'ಆರು ಹೆಜ್ಜೆ' ಎಂದರೆ ಆರೂ ಬಂದುವು.

ಇವುಗಳೆಲ್ಲಕ್ಕಿಂತ ಅಮೂಲ್ಯವಾದದ್ದು ಭೂತ ನ್ಯೂನ, ಅಂದರೆ 'ಇಟ್ಟು', 'ಮಾಡಿ', 'ನೋಡಿ' ಎಂಬಂತೆ ಒಂದು ಕ್ರಿಯೆ ಮುಗಿದ ಮೇಲೆ ಇನ್ನೊಂದು ಎಂದು ಕ್ರಮವನ್ನು ಹೇಳುವ ರೂಪ. ಇದರ ಬೆಲೆ ನನಗೆ ತಿಳಿದದ್ದು ಅದೇ ಸ್ಲೈಡಿನ ಐದನೆಯ ಹೆಜ್ಜೆಯಲ್ಲಿ. ಇಂಗ್ಲಿಷಿನಲ್ಲಿ ಅದು 'ರಿಲೀಸ್ ರೆಸಿಡ್ಯುಅಲ್ ಪ್ರೆಷರ್ ಆಫ್ಟರ್ ಬ್ಲಾಕಿಂಗ್ ದ ರ‍್ಯಾಮ್' ಎಂದಿತ್ತು. ಇದರಲ್ಲಿ ಎರಡನೆಯದಾಗಿ ಮಾಡತಕ್ಕದ್ದು ಮೊದಲು ಬಂದಿದೆ, ಮೊದಲು ಮಾಡತಕ್ಕದ್ದು ಕೊನೆಗೆ ಬಂದಿದೆ. ಇಂಗ್ಲಿಷು ಓದುವವರಿಗೆ ಅದರಿಂದ ತೊಂದರೆಯಿಲ್ಲ, ಅವರ ಕಿವಿಗೆ 'ಆಫ್ಟರ್' ಎಂಬ ಪದ ಕ್ರಮವನ್ನು ಸರಿಪಡಿಸಿಕೊಡುತ್ತದೆ. ಅವಸರದ ಅನುವಾದಕನೊಬ್ಬ ಅದೇ ಅನುಕ್ರಮವನ್ನು ಕಾಯ್ದುಕೊಂಡು, "ಉಳಿದ ಒತ್ತಡವನ್ನು ಬಿಡುಗಡೆ ಮಾಡಿ, ರ‍್ಯಾಮ್ ಅನ್ನು ಬ್ಲಾಕ್ ಮಾಡಿದ ನಂತರ" ಎಂದು ಬರೆದನೆನ್ನಿ. ಕನ್ನಡದ ಓದುಗನಿಗೆ 'ಬಿಡುಗಡೆ ಮಾಡಿ' ಎಂಬುದು ಅಲ್ಪವಿರಾಮದ ಬಳಿ ನಿಂತೊಡನೆ ಅದು ಅಪ್ಪಣೆಯಾಗಿಯೂ ಕಾಣಬಹುದು, 'ಮಾಡಿ ಆಮೇಲೆ' ಎಂಬ ನ್ಯೂನವಾಗಿಯೂ ಕಾಣಬಹುದು. ಎರಡು ಬಗೆಯಲ್ಲಿಯೂ ಒತ್ತಡ ಇಳಿಸುವುದೇ ಮೊದಲ ಕೆಲಸವೆಂದು ಅವನು ತಿಳಿಯುತ್ತಾನೆ. ಎಣ್ಣೆಯ ಒತ್ತಡವೇ ರ‍್ಯಾಮನ್ನು ಮೇಲೆ ಎತ್ತಿಹಿಡಿದಿರುವ ಪ್ರೆಸ್ಸಿನಲ್ಲಿ, ಕೆಳಗೆ ಆಸರೆಯಿಡದೆ ಒತ್ತಡವನ್ನು ಇಳಿಸಿದರೆ ಆ ಭಾರವೆಲ್ಲ ಕೆಳಕ್ಕೆ ಬರುತ್ತದೆ. ಆ ಸಾಲನ್ನು ಕನ್ನಡದ ನಡೆಯಲ್ಲಿ "ರ‍್ಯಾಮ್ ಕೆಳಗೆ ಬ್ಲಾಕ್ ಇಟ್ಟು, ಉಳಿದ ಪ್ರೆಷರ್ ಇಳಿಸಿ" ಎಂದು ಬರೆದೊಡನೆ, 'ನಂತರ', 'ತದನಂತರ' ಎಂಬ ಯಾವ ಪದದ ಸಹಾಯವೂ ಇಲ್ಲದೆ, ಕೈ ಯಾವ ಕ್ರಮದಲ್ಲಿ ಚಲಿಸಬೇಕೋ ಅದೇ ಕ್ರಮದಲ್ಲಿ ಮಾತೂ ಚಲಿಸಿತು. ಅಂದಿನಿಂದ ನಾನು ಇಂಗ್ಲಿಷಿನ ಸಾಲಿನಲ್ಲಿ 'ಆಫ್ಟರ್', 'ಬಿಫೋರ್', 'ಅಂಟಿಲ್', 'ಅನ್ಲೆಸ್' ಎಂಬ ನಾಲ್ಕು ಪದಗಳಲ್ಲಿ ಯಾವುದನ್ನು ಕಂಡರೂ, ಅನುವಾದವನ್ನು ಆರಂಭಿಸುವುದಕ್ಕೆ ಮುಂಚೆ ಕೆಲಸದ ಅನುಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ನಿಷೇಧವಾಕ್ಯಗಳಲ್ಲಿಯೂ ಇದೇ ತೊಡಕು, ಬೇರೆ ದಿಕ್ಕಿನಿಂದ. ಇಂಗ್ಲಿಷಿನಲ್ಲಿ 'ಡು ನಾಟ್' ಎಂಬುದು ವಾಕ್ಯದ ತಲೆಯಲ್ಲಿಯೇ ನಿಂತಿರುತ್ತದೆ, ಅದನ್ನು ದೊಡ್ಡಕ್ಷರಗಳಲ್ಲಿ ಬರೆದು ಒತ್ತುಕೊಡುತ್ತಾರೆ. ಕನ್ನಡದಲ್ಲಿ ನಿಷೇಧವು ಕ್ರಿಯಾಪದದ ಬಾಲದಲ್ಲಿ 'ಬೇಡಿ' ಎಂದು ಬರುತ್ತದೆ, ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವೇ ನಮ್ಮ ಲಿಪಿಯಲ್ಲಿಲ್ಲ. ಆದುದರಿಂದ "ಮೇಲ್ವಿಚಾರಕರು ಲಿಖಿತ ಅನುಮತಿಯನ್ನು ನೀಡುವವರೆಗೆ ಯಂತ್ರವನ್ನು ಚಾಲೂ ಮಾಡಬೇಡಿ" ಎಂಬ ಸಾಲು ಎರಡಾಗಿ ಮುರಿದು ಬಿದ್ದರೆ, ಮೊದಲನೆಯ ಸಾಲನ್ನು ಮಾತ್ರ ಓದಿದವನಿಗೆ ಅನುಮತಿಯ ಸುದ್ದಿ ಸಿಕ್ಕೀತು, ಬೇಡವೆಂಬುದು ಸಿಕ್ಕಲಾರದು. ಇಂಥ ಕಡೆ ವಾಕ್ಯವನ್ನು ಎರಡಾಗಿ ಒಡೆಯುವುದೇ ಲೇಸು: "ಚಾಲೂ ಮಾಡಬೇಡಿ. ಮೊದಲು ಸೂಪರ್‌ವೈಸರ್ ಸಹಿ ಬೇಕು." ದಪ್ಪಕ್ಷರವನ್ನು 'ಬೇಡಿ' ಎಂಬ ಅರ್ಧಕ್ಕೆ ಕೊಡದೆ 'ಮಾಡಬೇಡಿ' ಎಂಬ ಇಡೀ ಪದಕ್ಕೆ ಕೊಡಬೇಕು. ಒಂದು ಒತ್ತಕ್ಷರದ ನಡುವೆಯೇ ಬಣ್ಣ ಬದಲಾಯಿಸಲು ಹೋದರೆ ಎಷ್ಟೋ ವೇಳೆ ಅಕ್ಷರವೇ ಒಡೆದು, ಒತ್ತು ಒಂದು ಕಡೆ, ಮೂಲಾಕ್ಷರ ಒಂದು ಕಡೆ ನಿಲ್ಲುತ್ತವೆ.

ಇನ್ನು ಪಾರಿಭಾಷಿಕ ಶಬ್ದಗಳ ಮಾತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ ಕಾಲದಿಂದಲೂ ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯುವವರು ಹೊಸ ಪದಗಳನ್ನು ಸೃಷ್ಟಿಸುತ್ತ ಬಂದಿದ್ದಾರೆ, ಅದರಿಂದ ಭಾಷೆ ಸಂಪನ್ನವೂ ಆಗಿದೆ. ಆದರೆ ಪತ್ರಿಕೆಯ ಪುಟಕ್ಕೂ ಸ್ಲೈಡಿಗೂ ಒಂದು ಭೇದವುಂಟು. ಪುಟದಲ್ಲಿ ಹೊಸ ಪದವನ್ನು ಪರಿಚಯಿಸಿ, ಎರಡು ವಾಕ್ಯಗಳಲ್ಲಿ ವಿವರಿಸಿ, ಓದುಗನು ಹಿಂದಿರುಗಿ ನೋಡುವುದಕ್ಕೆ ಅವಕಾಶ ಕೊಡಬಹುದು. ಸ್ಲೈಡಾದರೋ ಒಂದೆರಡು ನಿಮಿಷ ಇದ್ದು ಹೋಗುತ್ತದೆ, ಅದನ್ನು ನೋಡಿದವನು ಅರ್ಧ ಗಂಟೆಯೊಳಗೆ ಯಂತ್ರದ ಮುಂದೆ ನಿಂತಿರುತ್ತಾನೆ. ಯಂತ್ರದ ಫಲಕದ ಮೇಲೆ ಕೊರೆದಿರುವ ಅಕ್ಷರಗಳು START, OFF ಎಂದಿರುವಾಗ, ಸ್ಲೈಡಿನಲ್ಲಿ 'ಪ್ರಾರಂಭ ಗುಂಡಿ' ಎಂದು ಬರೆದರೆ ಅವನು ಹುಡುಕುವುದು ಏನನ್ನು? ವಸ್ತುವಿನ ಮೇಲೆ ಹೆಸರು ಹೇಗೆ ಕೊರೆದಿದೆಯೋ ಸ್ಲೈಡಿನಲ್ಲಿಯೂ ಅದು ಹಾಗೆಯೇ, ಅದೇ ಲಿಪಿಯಲ್ಲಿ ಇರತಕ್ಕದ್ದು. ಕೊರೆದಿಲ್ಲದ ವಸ್ತುವಿಗೆ ಶಾಪಿನಲ್ಲಿ ಆಡುವ ಹೆಸರು ಸಾಕು: ಐಸೊಲೇಟರ್, ವಾಲ್ವ್, ಗೇಜ್, ಬ್ಲಾಕ್. ಒತ್ತಡ ಎಂಬುದು ಅಚ್ಚಗನ್ನಡದ ಸೊಗಸಾದ ಪದವೇ ಆದರೂ, ಪ್ರೆಸ್ ಶಾಪಿನಲ್ಲಿ 'ಒತ್ತಡ' ಎಂದರೆ ಕೆಲಸದ ಒತ್ತಡ, ಮನಸ್ಸಿನ ಒತ್ತಡ, ಎಣ್ಣೆಯದು 'ಪ್ರೆಷರ್'. ಹೆಸರು ಯಾವುದಾದರೂ ಇರಲಿ, ಕ್ರಿಯಾಪದ ಮಾತ್ರ ಕನ್ನಡದ್ದೇ ಆಗಿರಬೇಕು: ಮುಚ್ಚಿ, ಇಳಿಸಿ, ಕಟ್ಟಿ, ಒತ್ತಿ ನೋಡಿ. ವಾಕ್ಯದ ಪ್ರಾಣ ಅಲ್ಲಿರುತ್ತದೆ. ಅದು ಕನ್ನಡವಾದರೆ ಮೂರು ಇಂಗ್ಲಿಷು ನಾಮಪದಗಳನ್ನು ಹೊತ್ತ ಸಾಲೂ ಕನ್ನಡವಾಗಿಯೇ ಕೇಳಿಸುತ್ತದೆ.

ನಾಮಪದಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ಕೂಡ ಕಣ್ಣುಮುಚ್ಚಿ ಮಾಡುವ ಕೆಲಸವಲ್ಲವೆಂಬುದಕ್ಕೆ ಆ ಮಾಲೆಯ ಶೀರ್ಷಿಕೆಯೇ ಸಾಕ್ಷಿ. 'ಲಾಕ್‌ಔಟ್ ತರಬೇತಿ' ಎಂದು ಮೊದಲ ಸ್ಲೈಡಿನಲ್ಲಿ ಬರೆದು, ನೋಟೀಸು ಬೋರ್ಡಿಗೂ ಅದನ್ನೇ ಹಾಕಿದಾಗ, ಊಟದ ವೇಳೆಗೆ ಕ್ಯಾಂಟೀನಿನಲ್ಲಿ ಗುಸುಗುಸು ಹಬ್ಬಿತು. ಏಕೆಂದರೆ ಕಾರ್ಮಿಕರು ಬಲ್ಲ ಲಾಕೌಟು ಒಂದೇ: ಮಾಲೀಕರು ಕಾರ್ಖಾನೆಯ ಬಾಗಿಲು ಮುಚ್ಚುವುದು, ಪತ್ರಿಕೆಗಳು 'ಬೀಗಮುದ್ರೆ' ಎಂದು ಬರೆಯುವುದು. ಶೀರ್ಷಿಕೆಯನ್ನು "ರಿಪೇರಿಗೆ ಮುಂಚೆ ಬೀಗ, ಟ್ಯಾಗ್" ಎಂದು ಬದಲಾಯಿಸಿ, ಒಳಗೆ ಒಂದು ಕಡೆ ಮಾತ್ರ 'ಇದಕ್ಕೆ ಲೋಟೊ ಎಂದೂ ಹೆಸರು' ಎಂದು ಸೇರಿಸಿದೆವು. ಇಂಜಿನಿಯರುಗಳು ಆಡುವ ಆ ಹೆಸರು ಕಾರ್ಮಿಕರ ಕಿವಿಗೂ ಬಿದ್ದಿರಬೇಕಷ್ಟೆ. 'ಅಫೆಕ್ಟೆಡ್ ಎಂಪ್ಲಾಯೀ' ಎಂಬುದರ ಕಥೆಯೂ ಇಂಥದೇ. ನಿಯಮದ ಪ್ರಕಾರ ಅದರ ಅರ್ಥ, ಆ ಯಂತ್ರದ ಮೇಲೆಯೋ ಅದರ ಸುತ್ತಲೋ ಕೆಲಸವಿದ್ದು, ತಾವಾಗಿ ಬೀಗ ಹಾಕುವ ಅಥವಾ ತೆಗೆಯುವ ಅಧಿಕಾರವಿಲ್ಲದವರು. 'ಬಾಧಿತ ನೌಕರ' ಎಂದು ಬರೆದರೆ ಆಗಲೇ ಪೆಟ್ಟು ತಿಂದವನಂತೆ ಕಾಣುತ್ತದೆ. 'ಅಧಿಕೃತ ನೌಕರ', 'ಬಾಧಿತ ನೌಕರ' ಎಂದಿದ್ದ ಎರಡು ಕಾಲಮ್ಮುಗಳ ತಲೆಬರಹವನ್ನು 'ಬೀಗ ಹಾಕುವವರು', 'ಬೀಗ ಮುಟ್ಟಬಾರದವರು' ಎಂದು ಮಾಡಿದಾಗ ವಿವರಣೆಯೇ ಬೇಕಾಗಲಿಲ್ಲ.

ಬೀಗ ಎಂಬ ಪದಕ್ಕೂ ಒಂದು ಎಲ್ಲೆಯುಂಟು. ಹಳೆಯ ಮೈಸೂರಿನ ಸೀಮೆಯಲ್ಲಿ ಬೀಗ, ಬೀಗದ ಕೈ. ಹುಬ್ಬಳ್ಳಿ ಧಾರವಾಡಗಳ ಕಡೆ ಅದೇ ಕೀಲಿ, 'ಕೀಲಿ ಹಾಕ್ರಿ'. ಪೀಣ್ಯದಲ್ಲಿ ಎರಡೂ ಕಡೆಯವರಿದ್ದಾರೆ. ಅಲ್ಲಿ ಕೆಂಪು ಬೀಗದ ಚಿತ್ರವೊಂದನ್ನು ಸಾಲಿನ ಪಕ್ಕದಲ್ಲಿಟ್ಟರೆ ಸಂದೇಹಕ್ಕೆ ಎಡೆಯಿಲ್ಲ. ಉತ್ತರ ಕರ್ನಾಟಕದ ಕಾರ್ಖಾನೆಗೇ ಹೋಗುವ ಪ್ರತಿಯಾದರೆ ಕೀಲಿ ಎಂದೇ ಬರೆಯುವುದು ನ್ಯಾಯ. ಯಾವುದನ್ನು ಆರಿಸಿಕೊಂಡರೂ ಮೊದಲನೆಯ ಸ್ಲೈಡಿನಿಂದ ಕೊನೆಯ ಸ್ಲೈಡಿನವರೆಗೆ ಅದೊಂದೇ ಇರಬೇಕು. ಪ್ರಬಂಧದಲ್ಲಿ ಪುನರುಕ್ತಿಯನ್ನು ದೋಷವೆಂದು ಕಲಿತ ನಮ್ಮಂಥವರ ಕೈ, ಒಂದು ಕಡೆ ಐಸೊಲೇಟರ್, ಇನ್ನೊಂದು ಕಡೆ ಮೇನ್ ಸ್ವಿಚ್, ಮತ್ತೊಂದು ಕಡೆ ಬ್ರೇಕರ್ ಎಂದು ತಾನಾಗಿಯೇ ವೈವಿಧ್ಯವನ್ನು ತರುತ್ತದೆ; ಫಿಟ್ಟರನಿಗೆ ಅವು ಮೂರು ಬೇರೆ ಬೇರೆ ವಸ್ತುಗಳು. ಆದುದರಿಂದ ಮೊದಲ ಸ್ಲೈಡನ್ನು ಮುಟ್ಟುವುದಕ್ಕೆ ಮುಂಚೆಯೇ, ಎಡಗಡೆ ಇಂಗ್ಲಿಷು, ಬಲಗಡೆ ನಿಶ್ಚಯಿಸಿದ ಕನ್ನಡ ಎಂದು ಮೂವತ್ತು ನಲವತ್ತು ಪದಗಳ ಪಟ್ಟಿಯೊಂದನ್ನು ಮಾಡಿ, ಶಾಪಿನ ಒಬ್ಬರಿಂದ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ನನ್ನ ಪದ್ಧತಿ.

ಇಷ್ಟೆಲ್ಲ ಆದ ಮೇಲೆ ಆ ಸ್ಲೈಡು ಪರದೆಯ ಮೇಲೆ ನಿಂತ ರೂಪ ಇದು:

1. ಸುತ್ತ ಇರುವವರಿಗೆ ತಿಳಿಸಿ.
2. ಪ್ರೆಸ್ ನಿಲ್ಲಿಸಿ.
3. ಐಸೊಲೇಟರ್ ಆಫ್ ಮಾಡಿ, ಗಾಳಿಯ ವಾಲ್ವ್ ಮುಚ್ಚಿ.
4. ನಿಮ್ಮ ಬೀಗ ಹಾಕಿ, ಟ್ಯಾಗ್ ಕಟ್ಟಿ.
5. ರ‍್ಯಾಮ್ ಕೆಳಗೆ ಬ್ಲಾಕ್ ಇಟ್ಟು, ಉಳಿದ ಪ್ರೆಷರ್ ಇಳಿಸಿ.
6. START ಒತ್ತಿ ನೋಡಿ: ಚಾಲೂ ಆಗಬಾರದು. ಮತ್ತೆ OFF ಮಾಡಿ.

ಆರನೆಯ ಹೆಜ್ಜೆ ಇಂಗ್ಲಿಷಿನಲ್ಲಿ 'ವೆರಿಫೈ ಝೀರೋ ಎನರ್ಜಿ ಸ್ಟೇಟ್' ಎಂಬ ನಾಲ್ಕೇ ಪದಗಳಲ್ಲಿತ್ತು, ಕನ್ನಡದಲ್ಲಿ ಅದು ಬೆಳೆದಿದೆ. 'ಶೂನ್ಯ ಶಕ್ತಿ ಸ್ಥಿತಿಯನ್ನು ಪರಿಶೀಲಿಸಿ' ಎಂದರೆ ಸಂಕ್ಷಿಪ್ತವಾಗುತ್ತಿತ್ತು, ನಿಜ. ಆದರೆ ಹೇಗೆ ಪರಿಶೀಲಿಸಬೇಕೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಯಲ್ಲಿ 'ಮತ್ತೆ OFF ಮಾಡಿ' ಎಂಬುದು ಮೂಲದಲ್ಲಿ ಭಾಷಣಕಾರರ ಟಿಪ್ಪಣಿಯಲ್ಲಿ ಅಡಗಿತ್ತು. ಪರೀಕ್ಷೆಗಾಗಿ ಒತ್ತಿದ ಸ್ವಿಚ್ಚು ಹಾಗೆಯೇ ಚಾಲೂ ಸ್ಥಿತಿಯಲ್ಲಿ ಉಳಿದರೆ, ಬೀಗ ತೆಗೆದು ಕರೆಂಟು ಕೊಟ್ಟ ಕ್ಷಣದಲ್ಲಿ ಯಂತ್ರ ಚಲಿಸಬಹುದಾದುದರಿಂದ, ಅದನ್ನು ಟಿಪ್ಪಣಿಯಿಂದ ಎತ್ತಿ ಪರದೆಗೆ ತಂದೆವು. ಪ್ರತಿಯಾಗಿ, ಬೀಗ ಕಳೆದುಹೋದರೆ ಯಾರಿಗೆ ಅರ್ಜಿ, ಶಿಫ್ಟು ಬದಲಾಗುವಾಗ ಏನು, ಎಂಬ ವಿವರಗಳನ್ನು ಪರದೆಯಿಂದ ಟಿಪ್ಪಣಿಗೆ ಇಳಿಸಿದೆವು. ಕೈ ಮಾಡಬೇಕಾದ್ದು ಪರದೆಗೆ, ಬಾಯಿ ಹೇಳಬಹುದಾದ್ದು ಟಿಪ್ಪಣಿಗೆ. ಅಳತೆಯನ್ನು ಕಾಪಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ದೊರೆತಿಲ್ಲ.

ಪವರ್‌ಪಾಯಿಂಟಿನಲ್ಲಿ ಅಕ್ಷರವನ್ನು ಕುಗ್ಗಿಸಿ ತುಂಬುವ ದಾರಿಯೂ ಉಂಟು, ಅದೇ ಹೆಚ್ಚು ಅನರ್ಥಕಾರಿ. ಪಠ್ಯ ಪೆಟ್ಟಿಗೆಯನ್ನು ಮೀರಿದೊಡನೆ ಆ ತಂತ್ರಾಂಶವು ಅಕ್ಷರಗಳನ್ನು ಸದ್ದಿಲ್ಲದೆ ಚಿಕ್ಕದು ಮಾಡುತ್ತದೆ. 28 ಪಾಯಿಂಟಿನಲ್ಲಿದ್ದ ಸಾಲು 18ಕ್ಕೆ ಇಳಿದಿರುವುದು, ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವ ಅನುವಾದಕನಿಗೆ ಕಾಣದೆಯೆ ಹೋಗುತ್ತದೆ. ಕನ್ನಡದ ಅಕ್ಷರಕ್ಕೆ ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತು. 'ರಾಷ್ಟ್ರ' ಎಂಬಲ್ಲಿ ಒತ್ತಿನ ಮೇಲೊಂದು ಒತ್ತು. ಆ ಗಾತ್ರದಲ್ಲಿ ಅವೆಲ್ಲ ಹಿಂದಿನ ಸಾಲಿನವರಿಗೆ ಒಂದು ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ನಾನು ಆ ಸ್ವಯಂಕುಗ್ಗಿಸುವಿಕೆಯನ್ನು ಮೊದಲೇ ನಿಲ್ಲಿಸಿ, 24 ಪಾಯಿಂಟಿಗಿಂತ ಕೆಳಗೆ ಇಳಿಯದೆ, ಹಿಡಿಸದಿದ್ದರೆ ಸ್ಲೈಡನ್ನು ಎರಡು ಮಾಡುತ್ತೇನೆ. ಸಾಲುಗಳ ನಡುವಣ ಅಂತರವೂ ಇಂಗ್ಲಿಷಿಗೆಂದು 0.9 ಇರುವುದುಂಟು, ಕನ್ನಡಕ್ಕೆ ಅದನ್ನು 1.1 ಅಥವಾ 1.2ಕ್ಕೆ ಏರಿಸದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ಓರೆ ಅಕ್ಷರ ನಮ್ಮ ಲಿಪಿಯ ಸಂಪ್ರದಾಯದಲ್ಲಿಲ್ಲ. ಯಂತ್ರ ಬಲವಂತದಿಂದ ಓರೆಯಾಗಿಸಿದ್ದು ಕಣ್ಣಿಗೆ ಹಿತವೂ ಅಲ್ಲ.

ಪರಭಾಷಾ ಪದಕ್ಕೆ ಪ್ರತ್ಯಯ ಹತ್ತುವಲ್ಲಿ ಒಂದು ಸೂಕ್ಷ್ಮವಿದೆ. 'ಪ್ರೆಸ್' ಮುಂದೆ 'ಗೆ' ಎಂದು ನೇರವಾಗಿ ಒತ್ತಿದರೆ ಅದು 'ಪ್ರೆಸ್ಗೆ' ಎಂದು ಒತ್ತಕ್ಷರವಾಗಿ ಗಂಟುಬೀಳುತ್ತದೆ; ನಡುವೆ ಕಣ್ಣಿಗೆ ಕಾಣದ ಬೇರ್ಪಡಿಸುವ ಚಿಹ್ನೆಯನ್ನು, ಯೂನಿಕೋಡಿನಲ್ಲಿ U+200C ಎಂಬುದನ್ನು, ಸೇರಿಸಿದರೆ 'ಪ್ರೆಸ್‌ಗೆ' ಎಂದು ಬಿಡಿಯಾಗಿ ನಿಲ್ಲುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಮಾಡಿಟ್ಟ ಕಡತಗಳ ಗತಿ ಇನ್ನೂ ಕಷ್ಟ: ಆ ಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಸ್ಲೈಡಿನ ತುಂಬ ರೋಮನ್ ಅಕ್ಷರಗಳ ಜಂಗುಳಿ ಕಾಣಿಸುತ್ತದೆ. ಯೂನಿಕೋಡಿನಲ್ಲಿ ಬರೆದು, ತೋರಿಸುವ ಕಂಪ್ಯೂಟರಿನಲ್ಲಿಯೇ ಒಮ್ಮೆ ತೆರೆದು ನೋಡಿದ ಹೊರತು ಕೆಲಸ ಮುಗಿಯಿತೆನ್ನುವ ಹಾಗಿಲ್ಲ.

ಅಂತಿಮ ಪರೀಕ್ಷೆಯನ್ನು ನಾವು ಪ್ರೆಸ್ಸಿನ ಮುಂದೆಯೇ ಮಾಡಿದೆವು. ತರಬೇತಿಗೆ ಬಂದಿರದ ಯುವಕ ಆಪರೇಟರೊಬ್ಬನ ಕೈಗೆ ಆ ಆರು ಸಾಲುಗಳ ಹಾಳೆಯನ್ನು ಕೊಟ್ಟು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಹೇಳಿದ ವಸ್ತುವನ್ನು ಮುಟ್ಟದೆ ಬೆರಳಿನಿಂದ ತೋರಿಸುವಂತೆ ಕೇಳಿಕೊಂಡೆವು. ಐದು ಸಾಲುಗಳಲ್ಲಿ ಬೆರಳು ತಡೆಯಿಲ್ಲದೆ ನಡೆಯಿತು. ಮೂರನೆಯದರಲ್ಲಿ 'ಗಾಳಿಯ ವಾಲ್ವ್' ಎಂಬಲ್ಲಿ ಅವನು ಎರಡು ವಾಲ್ವುಗಳ ನಡುವೆ ನಿಂತುಬಿಟ್ಟ. ಹಿರಿಯ ಫಿಟ್ಟರು, "ಹಳದಿ ಹಿಡಿ ಇರೋದು ಕಣಪ್ಪ," ಎಂದರು. ಸ್ಲೈಡಿನಲ್ಲಿ 'ಹಳದಿ ಹಿಡಿಯ ವಾಲ್ವ್' ಎಂದು ತಿದ್ದಿದೆ. ಅದು ಮೂಲದ ಇಂಗ್ಲಿಷಿನಲ್ಲಿಲ್ಲದ ಮಾತು.

ಕಾರ್ಖಾನೆಗಳ ತರಬೇತಿ ವಿಭಾಗದವರಲ್ಲಿ ನನ್ನ ಬಿನ್ನಹ ಇಷ್ಟೆ: ಅನುವಾದಕರಿಗೆ ಕಡತವನ್ನು ಮಾತ್ರ ಕಳುಹಿಸಬೇಡಿ. ಅರ್ಧ ದಿನ ಅವರನ್ನು ಶಾಪಿನೊಳಕ್ಕೆ ಕರೆದು, ಕೆಲಸ ಬಲ್ಲ ಒಬ್ಬ ಫಿಟ್ಟರನ್ನು ಜೊತೆಗೆ ಕೊಡಿ.